ಪಿಂಚಣಿ ನಿಂತ ಹಿರಿಯರು ಸೇವಾ ಕೇಂದ್ರಕ್ಕೆ ಬಂದಾಗ: ನೋಯಿಸದೆ ಪ್ರಶ್ನೆ ಕೇಳುವ ಕ್ರಮ

ಕೇಂದ್ರ ಸರ್ಕಾರದ ಪಿಂಚಣಿ ಪಡೆಯುವವರು ತಾವು ಬದುಕಿದ್ದೇವೆಂದು ದೃಢೀಕರಿಸುವ ಜೀವನ ಪ್ರಮಾಣಪತ್ರವನ್ನು ಪ್ರತಿ ವರ್ಷ ನವೆಂಬರ್ ತಿಂಗಳಲ್ಲಿ ಸಲ್ಲಿಸಬೇಕು. 80 ವರ್ಷ ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಇದಕ್ಕೆ ಅವಕಾಶವಿದೆ. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಆಧಾರ್ ಆಧಾರಿತ ವ್ಯವಸ್ಥೆ ಬಂದ ಮೇಲೆ ಈ ಕೆಲಸ ಬ್ಯಾಂಕಿನ ಕಿಟಕಿಯಿಂದ ಊರಿನ ಸೇವಾ ಕೇಂದ್ರದ ಮೇಜಿಗೂ ಬಂದಿದೆ. ಕೊಡಗಿನಲ್ಲಿ ಅದೇ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗುತ್ತದೆ, ಗದ್ದೆಯ ಕೆಲಸವಿರುತ್ತದೆ, ಹುತ್ತರಿ ಹತ್ತಿರವಾಗುತ್ತದೆ. ಹೀಗಾಗಿ ಕೆಲವು ಹಿರಿಯರು ಗಡುವಿನೊಳಗೆ ಬರುವುದಿಲ್ಲ. ಹಣ ನಿಂತ ಮೇಲೆ, ಹೆದರಿಕೊಂಡು ಬರುತ್ತಾರೆ. ಮೇಜಿನ ಈಚೆ ಕುಳಿತವರು ಅವರಿಂದ ಹತ್ತಾರು ವಿವರಗಳನ್ನು ಪಡೆಯದೆ ಅರ್ಜಿ ತುಂಬಲಾಗುವುದಿಲ್ಲ. ಆ ವಿವರಗಳನ್ನು ಕೇಳುವ ಕ್ರಮ, ಕೇಳುವ ಮಾತು ಮತ್ತು ಕೇಳದೆ ಬಿಡಬೇಕಾದ ಪ್ರಶ್ನೆಗಳ ಬಗ್ಗೆ ಈ ಲೇಖನವಿದೆ. ಸೇವಾ ಕೇಂದ್ರದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ, ನೆರೆಮನೆಯ ಹಿರಿಯರಿಗೆ ಮೊಬೈಲಿನಲ್ಲಿ ಈ ಕೆಲಸ ಮಾಡಿಕೊಡುವ ಯುವಕ ಯುವತಿಯರಿಗೂ ಇದು ಉಪಯೋಗವಾಗಬಹುದು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಜನವರಿ ತಿಂಗಳು. ನಾಪೋಕ್ಲು ಕಡೆಯ ಹಳ್ಳಿಯೊಂದರಿಂದ 78 ವರ್ಷದ ಅಜ್ಜಿಯೊಬ್ಬರು ಬಸ್ಸು ಹಿಡಿದು ಮಡಿಕೇರಿಯ ಸೇವಾ ಕೇಂದ್ರಕ್ಕೆ ಒಬ್ಬರೇ ಬಂದಿದ್ದಾರೆ. ಅವರ ಗಂಡ ಕೇಂದ್ರ ಸರ್ಕಾರದ ನೌಕರರಾಗಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಕೈಯಲ್ಲಿ ಕಾಗದಗಳ ಚೀಲವಿದೆ. ಕುಳಿತ ಕೂಡಲೇ ಅವರು ಹೇಳುವುದು ಇಷ್ಟೇ: “ಪೆನ್ಷನ್ ನಿಂತುಹೋಯಿತು ಮಗಾ. ನಾನೇನು ತಪ್ಪು ಮಾಡಿದೆನೋ ಗೊತ್ತಿಲ್ಲ.”

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳ ಸಾಲು ಹೀಗಿರುತ್ತದೆ: “ಯಾವ ತಿಂಗಳಿಂದ ಬಂದಿಲ್ಲ? ಲೈಫ್ ಸರ್ಟಿಫಿಕೇಟ್ ಕೊಟ್ಟಿಲ್ಲ ಅಲ್ವಾ? ಯಾಕೆ ಕೊಟ್ಟಿಲ್ಲ? ಪಿ.ಪಿ.ಒ. ನಂಬರ್ ಎಷ್ಟು? ಆಧಾರಿಗೆ ಯಾವ ಫೋನ್ ಲಿಂಕ್ ಆಗಿದೆ?” ಈ ಐದು ಪ್ರಶ್ನೆಗಳಲ್ಲಿ ಒಂದೂ ಅನಗತ್ಯವಾದದ್ದಲ್ಲ ಎಂದು ಕೇಳಿದವರಿಗೆ ಅನ್ನಿಸಬಹುದು. ಆದರೆ ತಾನು ತಪ್ಪು ಮಾಡಿದ್ದೇನೆಂಬ ಭಯದಿಂದ ಬಂದವರಿಗೆ ಇವು ಒಂದೊಂದಾಗಿ ಆ ಭಯವನ್ನು ಖಚಿತಪಡಿಸುತ್ತವೆ. ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ತೋಚದಿದ್ದರೆ ಮೂರನೆಯದಕ್ಕೆ ಅವರು ಗೊತ್ತಿರುವುದನ್ನೂ ಹೇಳಲಾರದ ಸ್ಥಿತಿಗೆ ಬರುತ್ತಾರೆ.

ಪ್ರಶ್ನೆಗಿಂತ ಮೊದಲು ಎರಡು ವಾಕ್ಯ

ಮೊದಲ ಪ್ರಶ್ನೆ ಪಿಂಚಣಿಯ ಬಗ್ಗೆ ಇರಬಾರದು. ವಾಪಸ್ ಹೋಗುವ ಬಸ್ಸಿನ ಬಗ್ಗೆ ಇರಲಿ. “ಅಜ್ಜಿ, ಊರಿಗೆ ಹೋಗಲು ಎಷ್ಟು ಗಂಟೆಯ ಬಸ್ಸು ನೋಡಿಕೊಂಡಿದ್ದೀರಿ?” ಎಂದು ಕೇಳಿ. ಇದು ಬರೀ ಉಪಚಾರದ ಮಾತಲ್ಲ. ಕೊಡಗಿನ ಒಳಹಳ್ಳಿಗಳಿಗೆ ಬಸ್ಸುಗಳು ಕಡಿಮೆ. ಒಂದು ತಪ್ಪಿದರೆ ಸಂಜೆಯವರೆಗೆ ಕಾಯಬೇಕಾಗಬಹುದು. ಬಸ್ಸಿನ ಚಿಂತೆ ಮನಸ್ಸಿನಲ್ಲಿ ಇರುವವರೆಗೆ ಅವರು ಪ್ರತಿ ಪ್ರಶ್ನೆಗೂ ಅವಸರದ ಉತ್ತರ ಕೊಡುತ್ತಾರೆ. ಸಮಯ ತಿಳಿದರೆ ನಿಮಗೂ ಲೆಕ್ಕ ಸಿಗುತ್ತದೆ, “ಅದಕ್ಕೆ ಇನ್ನೂ ಸಾಕಷ್ಟು ಹೊತ್ತಿದೆ, ಅಷ್ಟರೊಳಗೆ ಮುಗಿಸಲು ನೋಡೋಣ” ಎಂದು ಹೇಳಲೂ ಸಾಧ್ಯವಾಗುತ್ತದೆ.

ಎರಡನೆಯದು ಸಮಾಧಾನದ ಮಾತು. ಅದು ನಿಜವಾಗಿರಬೇಕು. ಪಾಸ್‌ಬುಕ್ ನೋಡದೆ “ಏನೂ ಆಗಿಲ್ಲ, ಎಲ್ಲ ಸರಿಹೋಗುತ್ತದೆ” ಎಂದರೆ, ಆಮೇಲೆ ಬೇರೆ ತೊಡಕು ಕಂಡಾಗ ನಿಮ್ಮ ಎಲ್ಲ ಮಾತುಗಳೂ ಬೆಲೆ ಕಳೆದುಕೊಳ್ಳುತ್ತವೆ. ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹೇಳಿ: “ಈ ತಿಂಗಳುಗಳಲ್ಲಿ ಪೆನ್ಷನ್ ನಿಂತರೆ ಹೆಚ್ಚಾಗಿ ಕಾರಣ ಒಂದು ಪ್ರಮಾಣಪತ್ರ ತಲುಪದೆ ಇರುವುದು. ಅದೇ ಕಾರಣವಾದರೆ, ಪತ್ರ ತಲುಪಿದ ಮೇಲೆ ನಿಂತ ತಿಂಗಳುಗಳ ಹಣವೂ ಸೇರಿ ಬರುತ್ತದೆ. ಅದೇ ಹೌದೋ ಎಂದು ಈಗ ಒಟ್ಟಿಗೆ ನೋಡೋಣ.” ಹಣ ಹೋಗಿಲ್ಲ, ತಡೆದು ನಿಂತಿದೆ ಎಂಬ ಒಂದು ಸಂಗತಿ ತಿಳಿದರೆ ಆ ಅಜ್ಜಿಯ ಉಸಿರು ಹದಕ್ಕೆ ಬರುತ್ತದೆ. ಮುಂದಿನ ಪ್ರಶ್ನೆಗಳನ್ನು ಅವರು ವಿಚಾರಣೆಯಾಗಿ ಕೇಳಿಸಿಕೊಳ್ಳುವುದಿಲ್ಲ, ಹಣ ಬಿಡಿಸುವ ಕೆಲಸದ ಭಾಗವಾಗಿ ಕೇಳಿಸಿಕೊಳ್ಳುತ್ತಾರೆ.

ಕಾಗದ ಹೇಳುವುದನ್ನು ಮನುಷ್ಯರಿಂದ ಕೇಳಬೇಡಿ

ಅರ್ಜಿಗೆ ಬೇಕಾದವು ಆಧಾರ್ ಸಂಖ್ಯೆ, ಪಿಂಚಣಿ ಆದೇಶದ ಸಂಖ್ಯೆ ಅಂದರೆ ಪಿ.ಪಿ.ಒ. ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆ, ಪಿಂಚಣಿ ಮಂಜೂರು ಮಾಡಿದವರ ಮತ್ತು ಪಾವತಿಸುವವರ ವಿವರ, ಒಂದು ಮೊಬೈಲ್ ಸಂಖ್ಯೆ. ಇವುಗಳಲ್ಲಿ ಹೆಚ್ಚಿನವು ಆ ಚೀಲದಲ್ಲೇ ಇವೆ. “ಪಿ.ಪಿ.ಒ. ನಂಬರ್ ಎಷ್ಟು?” ಎಂಬುದು ನೆನಪಿನ ಪರೀಕ್ಷೆ, ಅದರ ಬದಲು “ಚೀಲದ ಕಾಗದಗಳನ್ನು ಮೇಜಿನ ಮೇಲೆ ಇಡೋಣವೇ? ನಿಮ್ಮ ಎದುರಿಗೇ ನೋಡಿ, ಹಾಗೆಯೇ ವಾಪಸ್ ಇಡುತ್ತೇನೆ” ಎಂಬುದು ಸಹಾಯ. ಇಲ್ಲಿ ಅನುಮತಿ ಕೇಳುವುದನ್ನು ಬಿಡಬೇಡಿ. ಆ ಚೀಲದಲ್ಲಿ ಗಂಡನ ಮರಣ ಪ್ರಮಾಣಪತ್ರವಿರಬಹುದು, ಹಳೆಯ ಭಾವಚಿತ್ರವಿರಬಹುದು, ಜಾಗದ ಕಾಗದವಿರಬಹುದು. ಬೇಕಾದ ಕಾಗದವನ್ನು ಮಾತ್ರ ತೆರೆಯಿರಿ.

ಪಾಸ್‌ಬುಕ್ ಸಿಕ್ಕರೆ ಮೊದಲ ಮುಖ್ಯ ಪ್ರಶ್ನೆಗೆ ಉತ್ತರ ಅಲ್ಲೇ ಇರುತ್ತದೆ. ನವೆಂಬರ್ ಕೊನೆಯಲ್ಲಿ ಪಿಂಚಣಿ ಜಮಾ ಆಗಿದ್ದು, ಡಿಸೆಂಬರ್ ಕೊನೆಯಲ್ಲಿ ಆಗದಿದ್ದರೆ ಪ್ರಮಾಣಪತ್ರದ ಕಾರಣವೇ ಇರುವ ಸಂಭವ ಹೆಚ್ಚು. ಬೇಸಿಗೆಯಲ್ಲೋ ಮಳೆಗಾಲದಲ್ಲೋ ನಿಂತಿದ್ದರೆ ಕಾರಣ ಬೇರೆ ಇರಬಹುದು, ಆಗ ಬ್ಯಾಂಕಿನಲ್ಲೇ ವಿಚಾರಿಸಬೇಕು. ಇದನ್ನು ಕೂಡಲೇ ಅಜ್ಜಿಗೆ ತೋರಿಸಿ: “ಇಲ್ಲಿ ನೋಡಿ, ನವೆಂಬರ್ ತನಕ ಸರಿಯಾಗಿ ಬಂದಿದೆ.” ಬೆರಳಿಟ್ಟು ತೋರಿಸಿದ ಸಾಲು ಹತ್ತು ಸಮಾಧಾನದ ಮಾತುಗಳಿಗಿಂತ ಹೆಚ್ಚು ಧೈರ್ಯ ಕೊಡುತ್ತದೆ.

ಪಾಸ್‌ಬುಕ್ ಮುದ್ರಣವಾಗಿಲ್ಲದಿದ್ದರೆ ಕೇಳಲೇಬೇಕಾಗುತ್ತದೆ. ಆಗ ತಾರೀಖು ಕೇಳಬೇಡಿ. ಇಲ್ಲಿನ ಹಿರಿಯರು ವರ್ಷವನ್ನು ನೆನಪಿಟ್ಟುಕೊಳ್ಳುವುದು ಹಬ್ಬಗಳಿಂದ ಮತ್ತು ಕೆಲಸಗಳಿಂದ: ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣ, ನವೆಂಬರ್ ಕೊನೆಗೋ ಡಿಸೆಂಬರ್‌ನಲ್ಲೋ ಬರುವ ಹುತ್ತರಿ, ಕಾಫಿ ಕೊಯ್ಲು. “ಸಂಕ್ರಮಣ ಕಳೆದ ಮೇಲೆ ಬ್ಯಾಂಕಿಗೋ ಇಂಥ ಕೇಂದ್ರಕ್ಕೋ ಹೋಗಿ ಬೆರಳು ಒತ್ತಿದ, ಇಲ್ಲವೇ ಕಾಗದಕ್ಕೆ ಸಹಿ ಹಾಕಿದ ನೆನಪಿದೆಯೇ?” ಎಂದು ಕೇಳಿದರೆ ಅವರು ನೆನಪಿನಲ್ಲಿ ಹುಡುಕಲು ಒಂದು ಜಾಗ ಸಿಗುತ್ತದೆ. ನೆನಪಾಗದಿದ್ದರೂ ಚಿಂತೆಯಿಲ್ಲವೆಂದು ಮೊದಲೇ ಸೇರಿಸಿ: “ನೆನಪಿಲ್ಲದಿದ್ದರೂ ಪರವಾಗಿಲ್ಲ, ಕೆಲಸ ನಿಲ್ಲುವುದಿಲ್ಲ.” ಈ ಕೊನೆಯ ಮಾತು ಸತ್ಯವೂ ಹೌದು, ಏಕೆಂದರೆ ಹೊಸದಾಗಿ ಸಲ್ಲಿಸುವುದಕ್ಕೆ ಹಿಂದಿನದರ ವಿವರ ಬೇಕಾಗಿಲ್ಲ. ಸತ್ಯವಲ್ಲದ ಕಡೆ ಈ ಮಾತನ್ನು ಬಳಸಬೇಡಿ.

ಉತ್ತರವನ್ನೇ ಕೆಡಿಸುವ ಎರಡು ಬಗೆಯ ಪ್ರಶ್ನೆ

“ಯಾಕೆ ಕೊಟ್ಟಿಲ್ಲ?” ಎಂಬ ಪ್ರಶ್ನೆಗೆ ಯಾವ ಉತ್ತರ ಬಂದರೂ ಅರ್ಜಿಯ ಒಂದು ಸಾಲೂ ಬದಲಾಗುವುದಿಲ್ಲ. ಕಾಲು ನೋವಿತ್ತು, ಕರೆದೊಯ್ಯುವವರಿರಲಿಲ್ಲ, ಮರೆತುಹೋಯಿತು, ಇವುಗಳಲ್ಲಿ ಯಾವುದನ್ನು ಹೇಳಿದರೂ ನೀವು ಮುಂದೆ ಮಾಡುವ ಕೆಲಸ ಒಂದೇ. ಮುಂದಿನ ಹೆಜ್ಜೆಯನ್ನು ಬದಲಿಸದ ಪ್ರಶ್ನೆಯನ್ನು ಕೇಳಬಾರದು; ಹೆದರಿದವರ ಮಟ್ಟಿಗೆ ಇದು ನನ್ನ ದೃಢವಾದ ಅಭಿಪ್ರಾಯ. ಬರುವ ವರ್ಷ ಹೀಗಾಗದಂತೆ ನೋಡಿಕೊಳ್ಳಬೇಕೆಂಬ ಕಾಳಜಿ ಇದ್ದರೆ ಕೆಲಸವೆಲ್ಲ ಮುಗಿದ ಮೇಲೆ ಬೇರೆ ರೀತಿಯಲ್ಲಿ ಕೇಳಬಹುದು: “ಮುಂದಿನ ನವೆಂಬರಿನಲ್ಲಿ ನೆನಪಿಸಲು ಮನೆಯಲ್ಲಿ ಯಾರಿಗೆ ಹೇಳಿಟ್ಟರೆ ಒಳ್ಳೆಯದು?”

ಎರಡನೆಯ ಬಗೆ “ಕೊಟ್ಟಿಲ್ಲ ಅಲ್ವಾ?” ಎಂಬ ನಕಾರದ ಪ್ರಶ್ನೆ. ಇದಕ್ಕೆ ಅಜ್ಜಿ “ಹೌದು” ಎಂದರೆ ಕೊಟ್ಟಿದ್ದಾರೆ ಎಂದೋ, ಕೊಟ್ಟಿಲ್ಲವೆಂಬುದು ಹೌದು ಎಂದೋ ತಿಳಿಯುವುದಿಲ್ಲ. ಇದಲ್ಲದೆ, ಮೇಜಿನ ಆಚೆಯವರಿಗೆ ಬೇಕಾದ ಉತ್ತರ ಯಾವುದೆಂದು ಧ್ವನಿಯಲ್ಲೇ ಗೊತ್ತಾಗುವುದರಿಂದ ಅಂಜಿದವರು ಅದಕ್ಕೇ ಒಪ್ಪಿಬಿಡುತ್ತಾರೆ. ಕೊಡಗಿನಲ್ಲಿ ಇನ್ನೂ ಒಂದು ಕಾರಣವಿದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಮಾತನಾಡುವ ಅನೇಕ ಹಿರಿಯರಿಗೆ ಕಚೇರಿಯ ಕನ್ನಡ ಅಷ್ಟು ಸಲೀಸಲ್ಲ. ಅರ್ಥವಾಗದಿದ್ದರೂ ಮರ್ಯಾದೆಗಾಗಿ ತಲೆಯಾಡಿಸುತ್ತಾರೆ. ಒಂದು ವಾಕ್ಯದಲ್ಲಿ ಒಂದೇ ವಿಷಯವನ್ನಿಟ್ಟು, ಎರಡು ಆಯ್ಕೆಗಳನ್ನು ಕೊಟ್ಟು ಕೇಳಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ: “ಪ್ರಮಾಣಪತ್ರವನ್ನು ಈ ಸಲ ಕೊಟ್ಟಾಗಿದೆಯೋ, ಇನ್ನೂ ಕೊಡಬೇಕೋ?” ಹೀಗೆ ಕೇಳಿದಾಗ ಉತ್ತರವಾಗಿ ಬರೀ ‘ಹೌದು’ ಬಂದರೆ ಪ್ರಶ್ನೆ ಅರ್ಥವಾಗಿಲ್ಲವೆಂದು ನಿಮಗೆ ಕೂಡಲೇ ಗೊತ್ತಾಗುತ್ತದೆ. ಅವರ ಮನೆಮಾತು ನಿಮಗೆ ಬಂದರೆ ಆ ಪ್ರಶ್ನೆಯನ್ನು ಅದರಲ್ಲೇ ಕೇಳಿ.

ಕೇಳಿದ ಮೇಲೆ ಕಾಯಬೇಕು. ಉತ್ತರ ಬರಲಿಲ್ಲವೆಂದು ಅದೇ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ತಕ್ಷಣ ಕೇಳಿದರೆ, ಯೋಚಿಸುತ್ತಿದ್ದವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಕಿವಿ ಮಂದವಾಗಿದ್ದರೆ ಕೂಗಬೇಡಿ. ವಯಸ್ಸಾದಂತೆ ಮೊದಲು ಕುಗ್ಗುವುದು ತೀಕ್ಷ್ಣ ಸ್ವರಗಳನ್ನು ಕೇಳುವ ಶಕ್ತಿ. ಕೂಗಿದಾಗ ಧ್ವನಿ ತೀಕ್ಷ್ಣವಾಗಿ ಮಾತು ಇನ್ನಷ್ಟು ಅಸ್ಪಷ್ಟವಾಗುತ್ತದೆ, ಸುತ್ತಲಿದ್ದವರೂ ತಿರುಗಿ ನೋಡುತ್ತಾರೆ. ಪರದೆಯಿಂದ ಮುಖ ತಿರುಗಿಸಿ, ಅವರ ಎದುರಿಗೆ, ತಗ್ಗಿದ ಸ್ವರದಲ್ಲಿ ನಿಧಾನವಾಗಿ ಹೇಳಿ.

ಹೆಸರು ಹೊಂದದಿದ್ದಾಗ

ಅರ್ಜಿಯಲ್ಲಿ ಹೆಸರನ್ನು ಆಧಾರಿನಲ್ಲಿರುವಂತೆಯೇ ತುಂಬಬೇಕು. ಅಜ್ಜಿಯ ಆಧಾರಿನಲ್ಲಿ ಒಂದು ಹೆಸರು, ಪಿಂಚಣಿ ಆದೇಶದಲ್ಲಿ ಇನ್ನೊಂದು ಇರುವುದು ಇಲ್ಲಿ ಅಪರೂಪವೇನಲ್ಲ. ಕೊಡವರಲ್ಲಿ ಹೆಸರಿನ ಮುಂದೆ ಒಕ್ಕದ ಅಂದರೆ ಮನೆತನದ ಹೆಸರು ಬರುತ್ತದೆ. ಮದುವೆಯಾದ ಮೇಲೆ ಹೆಣ್ಣುಮಕ್ಕಳು ಗಂಡನ ಮನೆತನದ ಹೆಸರಿಗೆ ಸೇರುತ್ತಾರೆ. ಒಂದು ಕಾಗದದಲ್ಲಿ ತವರಿನ ಹೆಸರು ಪೂರ್ತಿಯಾಗಿ, ಇನ್ನೊಂದರಲ್ಲಿ ಗಂಡನ ಮನೆಯದು ಒಂದೇ ಅಕ್ಷರವಾಗಿ, ಮತ್ತೊಂದರಲ್ಲಿ ಯಾವುದೂ ಇಲ್ಲದೆ ಇರಬಹುದು. ಇಂಗ್ಲಿಷ್ ಕಾಗುಣಿತ ಬರೆದವರ ಮನಸ್ಸಿಗೆ ಬಂದಂತೆ ಆಗಿರುತ್ತದೆ.

ಇಲ್ಲಿ “ಇದು ನಿಮ್ಮದೇನಾ? ಎರಡು ಹೆಸರು ಯಾಕಿದೆ?” ಎಂದು ಕೇಳುವುದಕ್ಕಿಂತ ನೋವಿನ ಮಾತು ಬೇರೊಂದಿಲ್ಲ. ಎಪ್ಪತ್ತು ದಾಟಿದ ಹೆಂಗಸಿಗೆ ತನ್ನ ಹೆಸರಿನ ಬಗ್ಗೆಯೇ ಸಮಜಾಯಿಷಿ ಕೊಡಬೇಕಾಗಿ ಬರುತ್ತದೆ. ಕಾರಣವನ್ನು ನೀವೇ ಮೊದಲು ಹೇಳಿ, ನಂತರ ಕೇಳಿ: “ಮದುವೆಗೆ ಮೊದಲಿನ ಮನೆ ಹೆಸರು ಕೆಲವು ಕಾಗದಗಳಲ್ಲಿ ಉಳಿದಿರುತ್ತದೆ, ತುಂಬಾ ಜನರದ್ದು ಹೀಗೇ ಇರುತ್ತದೆ. ಇದರಲ್ಲಿರುವುದು ತವರಿನ ಹೆಸರೇ, ಇಲ್ಲಿನ ಮನೆಯದೇ?” ಉತ್ತರ ಅದೇ ಬರುತ್ತದೆ, ಆದರೆ ತಪ್ಪು ಅವರ ಮೇಲೆ ಬೀಳುವುದಿಲ್ಲ. ಅವರು ಹೇಳಿದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಹೆಸರು ತೀರಾ ಬೇರೆಯಾಗಿದ್ದರೆ ಪ್ರಮಾಣಪತ್ರ ಮುಂದೆ ತಿರಸ್ಕೃತವಾಗಬಹುದು. ಬ್ಯಾಂಕಿನಲ್ಲಿ ಅದೇ ಪ್ರಶ್ನೆ ಎದುರಾದಾಗ ಆ ಚೀಟಿಯನ್ನು ತೋರಿಸಬಹುದು.

ಅರ್ಜಿಯಲ್ಲಿರುವ ಅತ್ಯಂತ ಕಷ್ಟದ ಸಾಲು

ಕುಟುಂಬ ಪಿಂಚಣಿಗೆ ಸಂಬಂಧಿಸಿ ಮರುಮದುವೆಯಾಗಿದೆಯೇ ಎಂಬ ಪ್ರಶ್ನೆ ಅರ್ಜಿಯಲ್ಲಿದೆ. ಮರುಮದುವೆಯಿಂದ ಪಿಂಚಣಿಯ ಅರ್ಹತೆ ಬದಲಾಗಬಹುದಾದ ಕಾರಣ ಅದನ್ನು ಇಟ್ಟಿದ್ದಾರೆ. ಗಂಡನನ್ನು ಕಳೆದುಕೊಂಡು ಎಷ್ಟೋ ವರ್ಷ ಒಂಟಿಯಾಗಿ ಬಾಳಿದ 78ರ ಅಜ್ಜಿಯ ಮುಂದೆ, ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿರುವಾಗ, “ಮತ್ತೆ ಮದುವೆ ಆಗಿದ್ದೀರಾ?” ಎಂದು ಕೇಳಿದರೆ ಅವರು ಅದನ್ನು ಮರೆಯುವುದಿಲ್ಲ.

ಈ ಮುಜುಗರ ತಪ್ಪಿಸಲು ಕೆಲವರು ಕೇಳದೆಯೇ ‘ಇಲ್ಲ’ ಎಂದು ಗುರುತು ಹಾಕಿಬಿಡುತ್ತಾರೆ. ಅದು ದಯೆಯಂತೆ ಕಂಡರೂ ಸರಿಯಲ್ಲ, ಏಕೆಂದರೆ ಅದು ಅಜ್ಜಿಯ ಹೆಸರಿನಲ್ಲಿ ಕೊಡುವ ಘೋಷಣೆ. ಅವರಿಗೆ ಗೊತ್ತಿಲ್ಲದೆ ಅವರ ಮಾತನ್ನು ಬೇರೆಯವರು ಆಡಬಾರದು, ಮಾತು ತಪ್ಪಾದರೆ ಪರಿಣಾಮವನ್ನು ಎದುರಿಸುವವರು ಅವರೇ. ಕೇಳಲೇಬೇಕು, ಆದರೆ ಪ್ರಶ್ನೆ ನಿಮ್ಮದಲ್ಲವೆಂದು ಮೊದಲೇ ಸ್ಪಷ್ಟಪಡಿಸಿ ಕೇಳಬಹುದು. ಪರದೆಯನ್ನು ಅವರ ಕಡೆ ತಿರುಗಿಸಿ, ಸ್ವರ ತಗ್ಗಿಸಿ ಹೇಳಿ: “ಅಜ್ಜಿ, ಗಂಡನ ಪೆನ್ಷನ್ ಬರುವ ಎಲ್ಲರಿಗೂ ಸರ್ಕಾರ ಒಂದು ಪ್ರಶ್ನೆ ಇಟ್ಟಿದೆ. ನಾನು ಓದಿ ಹೇಳುತ್ತೇನೆ, ಬೇಸರ ಮಾಡಬೇಡಿ. ಮರುಮದುವೆ ಆಗಿದೆಯೇ ಎಂದು ಇಲ್ಲಿ ಬರೆದಿದೆ. ಹೌದು, ಇಲ್ಲ ಎಂದು ಎರಡು ಜಾಗವಿದೆ. ಯಾವುದಕ್ಕೆ ಗುರುತು ಹಾಕಲಿ?” “ಇಲ್ಲ ಅಂತ ಹಾಕಲೇ?” ಎಂದು ಕೇಳುವುದು ಇನ್ನೂ ಮೃದುವಾಗಿ ಕಾಣಬಹುದು; ಆದರೆ ಹಾಗೆ ಕೇಳಿದರೆ ಉತ್ತರ ನಿಮ್ಮದಾಗುತ್ತದೆ, ಅವರದ್ದಾಗುವುದಿಲ್ಲ. ಹಿಂದೆ ಜನ ನಿಂತಿದ್ದರೆ ಈ ಒಂದು ಸಾಲಿಗಾಗಿ ಅವರನ್ನು ಸ್ವಲ್ಪ ದೂರ ನಿಲ್ಲುವಂತೆ ಹೇಳಿ. ಅಜ್ಜಿಯ ಜೊತೆ ಮಗನೋ ಮೊಮ್ಮಗಳೋ ಬಂದಿದ್ದು ಅವರೇ ಉತ್ತರಿಸಲು ಮುಂದಾದರೆ, ಅವರಿಗೆ ತಲೆಯಾಡಿಸಿ, ಮತ್ತೆ ಅಜ್ಜಿಯ ಮುಖ ನೋಡಿ ಅವರ ಉತ್ತರಕ್ಕೇ ಕಾಯಿರಿ.

ಫೋನು, ಸಂಕೇತ ಸಂಖ್ಯೆ ಮತ್ತು ಬೆರಳು

ಅರ್ಜಿಯಲ್ಲಿ ಕೊಟ್ಟ ಮೊಬೈಲಿಗೆ ಒ.ಟಿ.ಪಿ. ಬರುತ್ತದೆ. ಒ.ಟಿ.ಪಿ. ಯಾರಿಗೂ ಹೇಳಬಾರದೆಂದು ಮನೆಯವರು ಅಜ್ಜಿಗೆ ಎಚ್ಚರಿಸಿರುತ್ತಾರೆ; ಅದು ಸರಿಯಾದ ಎಚ್ಚರಿಕೆ. ಆದ್ದರಿಂದ ಅವರು ಹಿಂಜರಿದರೆ ಅದನ್ನು ಮೆಚ್ಚಿ, ತಳ್ಳಿಹಾಕಬೇಡಿ. “ಕೇಳಿದ ಕೂಡಲೇ ಹೇಳದೆ ಇದ್ದದ್ದು ಒಳ್ಳೆಯದು. ಈಗ ಬರುವ ಸಂಖ್ಯೆ ಈ ಅರ್ಜಿಯದ್ದು. ಸಂದೇಶವನ್ನು ನಿಮಗೆ ಓದಿ ತೋರಿಸುತ್ತೇನೆ, ಸರಿಯೆನಿಸಿದರೆ ಮಾತ್ರ ಹಾಕೋಣ. ಎ.ಟಿ.ಎಂ. ಕಾರ್ಡಿನ ಪಿನ್ ಇದಕ್ಕೆ ಬೇಡ, ನಾನಾಗಲಿ ಬೇರೆಯವರಾಗಲಿ ಕೇಳಿದರೂ ಹೇಳಬೇಡಿ.” ಸಿಹಿಯಾಗಿ ಮಾತನಾಡುವುದು ವಂಚಕರಿಗೂ ಗೊತ್ತು. ಯಾವುದನ್ನು ಕೇಳುವುದಿಲ್ಲವೆಂದು ಮೊದಲೇ ಹೇಳಿಬಿಡುವುದು ನಿಮ್ಮನ್ನು ಅವರಿಂದ ಬೇರೆ ಮಾಡುತ್ತದೆ.

ಬೆರಳಚ್ಚು ಹಿಡಿಯದೆ ಇರುವುದು ತೋಟದಲ್ಲಿ ದುಡಿದ ಕೈಗಳಲ್ಲಿ ಸಾಮಾನ್ಯ. ವಯಸ್ಸಿನಿಂದಲೂ ಗೆರೆಗಳು ಸವೆಯುತ್ತವೆ, ಚಳಿಗಾಲದಲ್ಲಿ ಚರ್ಮ ಒಣಗಿರುತ್ತದೆ. ಯಂತ್ರ ಕೆಂಪು ಬಣ್ಣ ತೋರಿದಾಗಲೆಲ್ಲ “ಸರಿಯಾಗಿ ಒತ್ತಿ” ಎಂದರೆ ಅದು ಗದರಿಕೆಯಾಗಿ ಕೇಳಿಸುತ್ತದೆ. “ಯಂತ್ರಕ್ಕೆ ಗೆರೆ ಕಾಣುತ್ತಿಲ್ಲ. ಬೆರಳು ಸ್ವಲ್ಪ ಒರೆಸಿ ಇನ್ನೊಂದು ಬೆರಳನ್ನು ಇಟ್ಟು ನೋಡೋಣವೇ?” ಎನ್ನಿ. ಎರಡು ಮೂರು ಬೆರಳುಗಳಲ್ಲೂ ಆಗದಿದ್ದರೆ ಹಠ ಹಿಡಿಯದೆ ಮುಖ ಗುರುತಿಸುವ ವಿಧಾನಕ್ಕೆ ಹೋಗಿ. 2021ರಿಂದ ಅದಕ್ಕೂ ಅವಕಾಶವಿದೆ. ಬೆಳಕಿರುವ ಕಡೆ ಕೂರಿಸಿ, ಫೋಟೊ ಎಲ್ಲಿಗೆ ಹೋಗುತ್ತದೆ ಎಂಬ ಅನುಮಾನ ಏಳುವ ಮೊದಲೇ “ಇದು ಆಧಾರಿನಲ್ಲಿರುವ ಮುಖವೂ ನಿಮ್ಮ ಮುಖವೂ ಒಂದೇ ಎಂದು ನೋಡಲು ಮಾತ್ರ” ಎಂದು ತಿಳಿಸಿ, ಕಣ್ಣು ಮಿಟುಕಿಸಲು ಹೇಳಿ.

ಮುಗಿಸುವಾಗ

“ಅರ್ಥವಾಯಿತಾ?” ಎಂದು ಕೇಳಿದರೆ ಎಲ್ಲರೂ ಆಯಿತೆನ್ನುತ್ತಾರೆ. ಹೊಣೆಯನ್ನು ನಿಮ್ಮ ಮೇಲೆ ತೆಗೆದುಕೊಂಡು ಕೇಳಿ: “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ. ಮನೆಗೆ ಹೋದ ಮೇಲೆ ಸೊಸೆ ಕೇಳಿದರೆ ಏನೆಂದು ಹೇಳುತ್ತೀರಿ?” ಅವರ ಉತ್ತರದಲ್ಲಿ ಮೂರು ಸಂಗತಿಗಳು ಇರಬೇಕು: ಪ್ರಮಾಣಪತ್ರ ಸಲ್ಲಿಸಿದ್ದಾಗಿದೆ, ಹಣ ಇವತ್ತೇ ಬರುವುದಿಲ್ಲ, ಫೋನಿಗೆ ಬಂದ ಸಂದೇಶವನ್ನು ಅಳಿಸಬಾರದು. ಯಾವುದಾದರೂ ಬಿಟ್ಟುಹೋದರೆ ಅದನ್ನಷ್ಟೇ ಮತ್ತೆ ಹೇಳಿ.

ಸಂದೇಶದಲ್ಲಿ ಬರುವ ಪ್ರಮಾಣ್ ಐ.ಡಿ. ಸಂಖ್ಯೆಯನ್ನೂ ಸಲ್ಲಿಸಿದ ದಿನಾಂಕವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪಾಸ್‌ಬುಕ್ಕಿನೊಳಗೆ ಇಡಿ. ಸಂಖ್ಯೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ, ಪಿ.ಪಿ.ಒ. ಸಂಖ್ಯೆಯೋ ಖಾತೆ ಸಂಖ್ಯೆಯೋ ತಪ್ಪಾಗಿದ್ದರೆ ಪಿಂಚಣಿ ಪಾವತಿಸುವವರು ಅದನ್ನು ತಿರಸ್ಕರಿಸಬಹುದು. ಹಾಗಾಗಿ ಸಲ್ಲಿಸುವ ಮುನ್ನ ಆ ಎರಡು ಸಂಖ್ಯೆಗಳನ್ನು ನೀವೇ ಕಾಗದ ನೋಡಿ ಎರಡು ಸಲ ತಾಳೆ ಮಾಡಿ, ಅಜ್ಜಿಯಿಂದ ಓದಿಸಬೇಡಿ. ಮುಂದಿನ ತಿಂಗಳ ಕೊನೆಗೂ ಹಣ ಬರದಿದ್ದರೆ ಬ್ಯಾಂಕಿನಲ್ಲಿ ಕೇಳಬೇಕಾದ ಮಾತನ್ನೂ ಅದೇ ಚೀಟಿಯ ಕೆಳಗೆ ಬರೆಯಿರಿ: ‘ಈ ಪ್ರಮಾಣ್ ಐ.ಡಿ. ಸ್ವೀಕೃತವಾಗಿದೆಯೇ, ತಿರಸ್ಕೃತವಾಗಿದೆಯೇ? ತಿರಸ್ಕೃತವಾಗಿದ್ದರೆ ಕಾರಣವನ್ನು ಬರೆದು ಕೊಡಿ.’ ಆಗ ಬ್ಯಾಂಕಿನಲ್ಲಿ ಪ್ರಶ್ನೆ ಕೇಳುವವರು ಅಜ್ಜಿಯಾಗಿರುತ್ತಾರೆ, ಉತ್ತರಿಸಬೇಕಾದವರು ಆಚೆ ಕುಳಿತವರು.